ಗುಮ್ಮಟ ತಗ್ಗಿಸಿದರು, ಮಾರ್ದನಿ ಮಂಟಪಕ್ಕೆ ಇಳಿಯಿತು: ವಿರಾಜಪೇಟೆ ಬಳಿಯ ಒಂದು ಸಭಾಂಗಣದ ಪ್ರಕರಣ ಅಧ್ಯಯನ

ವಿರಾಜಪೇಟೆಯಿಂದ ಗೋಣಿಕೊಪ್ಪದ ಕಡೆ ಹೋಗುವಾಗ, ರಸ್ತೆಯಿಂದ ಸ್ವಲ್ಪ ಒಳಗೆ ಕಾಫಿ ತೋಟದ ಅಂಚಿನಲ್ಲಿ ಒಂದು ದುಂಡನೆಯ ಸಭಾಂಗಣ ಇದೆ. ಮದುವೆ, ನಿಶ್ಚಿತಾರ್ಥ, ಬೆಳೆಗಾರರ ಸಭೆ ಎಲ್ಲವೂ ಅಲ್ಲೇ ನಡೆಯುತ್ತವೆ. ಮಾಲೀಕರಿಗೆ ಮಡಿಕೇರಿಯ ಗದ್ದಿಗೆಯ ಗುಮ್ಮಟಗಳು ಚಿಕ್ಕಂದಿನಿಂದ ಇಷ್ಟ. ಹಾಗಾಗಿ ತಮ್ಮ ಸಭಾಂಗಣಕ್ಕೂ ಗುಮ್ಮಟವೇ ಬೇಕು ಅಂತ ಹಟ ಹಿಡಿದು ಕಟ್ಟಿಸಿದರು. ಮಂಟಪ ಸರಿಯಾಗಿ ನಡುವೆ, ಗುಮ್ಮಟದ ತುದಿಯ ಕೆಳಗೆ. ಗೋಡೆಯ ಉದ್ದಕ್ಕೂ ಕೂರಲು ಕಟ್ಟೆ.

ಕಟ್ಟಿ ಮುಗಿದ ಮೇಲೆ ಮೂರು ದೂರು ಬಂದವು. ಮಂಟಪದಲ್ಲಿ ಮೈಕ್ ಹಿಡಿದ ಕೂಡಲೇ ಅದು ಕಿರುಚುತ್ತಿತ್ತು. ಪುರೋಹಿತರು ಒಂದು ಸಾಲು ಹೇಳಿದರೆ ಅದೇ ಸಾಲು ತಲೆಯ ಮೇಲಿಂದ ಮತ್ತೆ ಬಂದು ಮುಂದಿನ ಸಾಲನ್ನು ತುಳಿಯುತ್ತಿತ್ತು. ಮೂರನೆಯದು ಸ್ವಲ್ಪ ಮುಜುಗರದ್ದು. ಒಂದು ನಿಶ್ಚಿತಾರ್ಥದಲ್ಲಿ ಗಂಡಿನ ಕಡೆಯ ಅತ್ತೆಯೊಬ್ಬರು ಉತ್ತರದ ಕಟ್ಟೆಯಲ್ಲಿ ಕೂತು, ಹುಡುಗಿಯ ಒಡವೆ ಬಗ್ಗೆ ಪಕ್ಕದವರ ಕಿವಿಯಲ್ಲಿ ಏನೋ ಅಂದರು. ದಕ್ಷಿಣದ ಕಟ್ಟೆಯಲ್ಲಿ ಕೂತಿದ್ದ ಹುಡುಗಿಯ ಚಿಕ್ಕಮ್ಮನಿಗೆ ಅದು ಅಕ್ಷರ ಬಿಡದೆ ಕೇಳಿಸಿತು. ಮದುವೆ ನಡೆಯಿತು ಬಿಡಿ. ಆದರೆ ಆ ಮಾತು ಇನ್ನೂ ಎರಡೂ ಮನೆಯವರ ನೆನಪಿನಲ್ಲಿದೆ.

ನಾನು ಹೋಗುವ ಹೊತ್ತಿಗೆ ಒಂದು ಸಲ ರಿಪೇರಿ ಆಗಿತ್ತು. ಒಳಾಂಗಣ ಕೆಲಸದವರೊಬ್ಬರು ಗೋಡೆಯ ಮೇಲ್ಭಾಗದಲ್ಲಿ, ಮೂರು ಮೀಟರ್‌ಗಿಂತ ಎತ್ತರದಲ್ಲಿ, ಸುತ್ತಲೂ ದಪ್ಪ ಪರದೆ ಮತ್ತು ಸ್ಪಂಜಿನ ಹಲಗೆ ಹಾಕಿದ್ದರು. ಸಭಾಂಗಣದ ಗುಂಯ್‌ಗುಡುವಿಕೆ ಕಡಿಮೆಯಾಗಿತ್ತು, ಸುಳ್ಳಲ್ಲ. ಆದರೆ ಮೂರೂ ದೂರು ಹಾಗೇ ಉಳಿದಿದ್ದವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸ್ಪಂಜಿಗೆ ಬೂಷ್ಟು ಬೇರೆ ಹಿಡಿದಿತ್ತು.

"ಇಷ್ಟು ದುಡ್ಡು ಸುರಿದ ಮೇಲೂ ಅದೇ ಕಥೆ. ಗೋಡೆ ಕೆಟ್ಟದ್ದೋ, ಗುಮ್ಮಟ ಕೆಟ್ಟದ್ದೋ, ಅದೊಂದು ಹೇಳಿ ಸಾಕು," ಅಂದರು ಮಾಲೀಕರು.

ಅವರು ಕೇಳಿದ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಅಲ್ಲಿ ಬಾಗಿದ ಮೇಲ್ಮೈ ಎರಡಿದ್ದವು: ದುಂಡನೆಯ ಗೋಡೆ ಮತ್ತು ಅದರ ಮೇಲಿನ ಗುಮ್ಮಟ. ಎರಡೂ ಸದ್ದನ್ನು ದೂರಕ್ಕೆ ಸಾಗಿಸುತ್ತವೆ, ಆದರೆ ಬೇರೆ ಬೇರೆ ರೀತಿಯಲ್ಲಿ. ಯಾವ ದೂರು ಯಾವುದರಿಂದ ಬಂತು ಅಂತ ಬಿಡಿಸಿ ನೋಡದೆ ಪರದೆ ಕಟ್ಟಿದರೆ ಪರದೆಯ ಖರ್ಚು ಮಾತ್ರ ಉಳಿಯುತ್ತದೆ.

ಹಳೆಯ ಜಗಳ, ಇಂದಿಗೂ ಕೆಲಸಕ್ಕೆ ಬರುವ ಪರೀಕ್ಷೆ

ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಗುಮ್ಮಟದ ಬುಡಕ್ಕೆ ಒಂದು ದುಂಡನೆಯ ಗ್ಯಾಲರಿ ಇದೆ. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಗೋಡೆಗೆ ಕಿವಿಯಿಟ್ಟವರಿಗೆ ಕೇಳಿಸುತ್ತದೆ. ಇದು ಹೇಗೆ ಅನ್ನುವುದಕ್ಕೆ ಹತ್ತೊಂಬತ್ತನೇ ಶತಮಾನದಲ್ಲಿ ಎರಡು ಉತ್ತರಗಳಿದ್ದವು. ಖಗೋಳ ವಿಜ್ಞಾನಿ ಜಾರ್ಜ್ ಏರಿ ಹೇಳಿದ್ದು: ಗುಮ್ಮಟ ನಿಮ್ನ ದರ್ಪಣದ ಹಾಗೆ, ಒಂದು ಕಡೆ ಹೊರಟ ಸದ್ದನ್ನು ಸರಿಯಾಗಿ ಎದುರು ಬಿಂದುವಿಗೆ ಕೂಡಿಸುತ್ತದೆ. ಭೌತ ವಿಜ್ಞಾನಿ ಲಾರ್ಡ್ ರ‍್ಯಾಲೇ ಒಪ್ಪಲಿಲ್ಲ. ದರ್ಪಣದ ಕೆಲಸವೇ ಆಗಿದ್ದರೆ ಎದುರು ಬಿಂದುವಿನಲ್ಲಿ ಮಾತ್ರ ಕೇಳಿಸಬೇಕಿತ್ತು. ಆದರೆ ಪಿಸುಮಾತು ಗೋಡೆಯ ಉದ್ದಕ್ಕೂ ಎಲ್ಲಿ ಕಿವಿಯಿಟ್ಟರೂ ಕೇಳಿಸುತ್ತಿತ್ತು. ಅಂದರೆ ಸದ್ದು ಗೋಡೆಗೆ ಅಂಟಿಕೊಂಡು ತೆವಳುತ್ತಿದೆ ಅನ್ನುವುದು ಅವರ ವಾದ.

ರ‍್ಯಾಲೇ ಅದನ್ನು ಸಣ್ಣ ಪ್ರಯೋಗದಲ್ಲಿ ತೋರಿಸಿಯೂ ಬಿಟ್ಟರು. ಸತುವಿನ ತಗಡನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಒಂದು ತುದಿಯಲ್ಲಿ ಕೀಚಲು ಸೀಟಿ ಇಟ್ಟರು. ಇನ್ನೊಂದು ತುದಿಯಲ್ಲಿ ಸದ್ದು ತಾಗಿದರೆ ನಡುಗುವ ಅನಿಲ ಜ್ವಾಲೆ. ತಗಡಿನ ಒಳಮೈಗೆ ತಾಗಿಸಿ ಒಂದು ಕಿರಿದಾದ ಪಟ್ಟಿ ಅಡ್ಡ ಇಟ್ಟರೆ ಜ್ವಾಲೆಯ ನಡುಕ ನಿಂತುಬಿಡುತ್ತಿತ್ತು. ಸದ್ದು ನೇರವಾಗಿ ಹೋಗುತ್ತಿದ್ದರೆ ಆ ಪಟ್ಟಿಯಿಂದ ಏನೂ ಆಗಬಾರದಿತ್ತು, ಅಲ್ವಾ? ಅವರ ಪೂರ್ತಿ ಗಣಿತ 1910ರಲ್ಲಿ ಪ್ರಕಟವಾಯಿತು. ಆಮೇಲೆ ನಮ್ಮ ಸಿ.ವಿ. ರಾಮನ್, ಸದರ್‌ಲ್ಯಾಂಡ್ ಜೊತೆ ಸೇರಿ 1921ರಲ್ಲಿ ಸೇಂಟ್ ಪಾಲ್ಸ್‌ನಲ್ಲೇ ಅಳೆದರು. ಗೋಡೆಯಿಂದ ದೂರ ಸರಿದ ಹಾಗೆ ಸದ್ದು ಸುಮ್ನೆ ಇಳಿಯುವುದಿಲ್ಲ, ಏರಿಳಿಯುತ್ತಾ ಹೋಗುತ್ತದೆ ಅಂತ ಕಂಡರು. ಮರುವರ್ಷದ ಬರಹದಲ್ಲಿ ವಿಜಯಪುರದ ಗೋಲ ಗುಮ್ಮಟವನ್ನೂ ಸೇರಿಸಿದರು.

ಈ ಜಗಳದಿಂದ ನಮಗೆ ಸಿಗುವುದು ಒಂದು ಸುಲಭ ಪರೀಕ್ಷೆ. ಸದ್ದು ಒಂದೇ ಜಾಗದಲ್ಲಿ ಜೋರಾಗಿ ಕೇಳಿಸಿ, ಒಂದು ಹೆಜ್ಜೆ ಸರಿದರೆ ಮಾಯವಾದರೆ ಅದು ದರ್ಪಣದ ಕೆಲಸ. ಗೋಡೆಯ ಉದ್ದಕ್ಕೂ ಕೇಳಿಸಿ, ಗೋಡೆಯಿಂದ ಒಂದು ಮೊಳ ಆಚೆ ಬಂದರೆ ಮಾಯವಾದರೆ ಅದು ತೆವಳುವ ಸದ್ದು.

ಗೋಡೆ

ಮೊದಲು ಗೋಡೆ ನೋಡಿದೆವು, ಅದು ಸುಲಭ. ಸಭಾಂಗಣದ ಒಳವ್ಯಾಸ 18 ಮೀಟರ್. ನುಣುಪಾದ ಗಾರೆ. ಬಾಗಿಲು ಪೂರ್ವದಲ್ಲಿ ಮಾತ್ರ, ಕಿಟಕಿಗಳೆಲ್ಲ ಮೇಲೆ. ಹಾಗಾಗಿ ಉತ್ತರದ ಕಟ್ಟೆಯಿಂದ ಪಶ್ಚಿಮ ಬಳಸಿ ದಕ್ಷಿಣದ ಕಟ್ಟೆಯವರೆಗೆ, ಕೂತವರ ತಲೆಯ ಎತ್ತರದಲ್ಲಿ, ಒಂದು ಅಡ್ಡಿಯೂ ಇಲ್ಲದ 28 ಮೀಟರ್ ಉದ್ದದ ಬಾಗು. ಪಿಸುಮಾತಿಗೆ ಇದಕ್ಕಿಂತ ಒಳ್ಳೆ ದಾರಿ ಬೇಕಾ?

ಮಾಲೀಕರ ಮಗಳು ಉತ್ತರದಲ್ಲಿ ಗೋಡೆಗೆ ಮುಖ ಒಡ್ಡಿ ಪಿಸುಗುಟ್ಟುತ್ತಾ ಕೂತಳು. ನಾವು ಪಶ್ಚಿಮದ ಗೋಡೆಗೆ ಕಿವಿಯಿಟ್ಟರೂ ಕೇಳಿಸಿತು, ನೈರುತ್ಯದಲ್ಲೂ ಕೇಳಿಸಿತು, ದಕ್ಷಿಣದಲ್ಲೂ ಕೇಳಿಸಿತು. ಗೋಡೆಯಿಂದ ಒಂದು ಮೀಟರ್ ಈಚೆ ಬಂದರೆ ಏನೂ ಇಲ್ಲ. ಪೂರ್ವದ ಬಾಗಿಲಿನ ಆಚೆ ಬದಿಗೂ ಹೋಗಿ ಕೇಳಿದೆವು. ಬಾಗಿಲು ಗೋಡೆಯ ಒಳಕ್ಕೆ ಸರಿದು ಕೂತಿರುವುದರಿಂದ ಆ ಹೊಂಡ ದಾಟಿ ಮಾತು ಬರುತ್ತಿರಲಿಲ್ಲ. ಕೊನೆಗೆ ರ‍್ಯಾಲೇ ಪಟ್ಟಿಯ ಬದಲಿಗೆ ಒಂದು ಪ್ಲೈವುಡ್ ಹಲಗೆ ತಂದು, ಪಶ್ಚಿಮದ ಗೋಡೆಗೆ ಅಂಚು ತಾಗಿಸಿ ಲಂಬವಾಗಿ ನಿಲ್ಲಿಸಿದೆವು. ಗೋಡೆಯಿಂದ ಈಚೆ ಎರಡಡಿ ಚಾಚಿದ್ದು ಅಷ್ಟೇ. ದಕ್ಷಿಣದಲ್ಲಿದ್ದ ಮಾಲೀಕರ ಮನೆಯ ಅಜ್ಜಿ, "ಈಗ ಹುಡುಗಿ ಬಾಯಿ ಮುಚ್ಚಿದಳಾ?" ಅಂತ ಕೇಳಿದರು. ಹುಡುಗಿ ಮಾತಾಡುತ್ತಲೇ ಇದ್ದಳು.

ಇದು ಯಾಕೆ ಹೀಗೆ ಅನ್ನುವುದನ್ನು ಬಾಂಡ್ಲಿಯ ಒಳಗೆ ಗೋಲಿ ಬಿಟ್ಟು ನೋಡಿದರೆ ಅರ್ಥವಾಗುತ್ತದೆ. ಅಂಚಿಗೆ ಒರಸಿದ ಹಾಗೆ ಬಿಟ್ಟರೆ ಗೋಲಿ ಅಂಚನ್ನೇ ಹಿಡಿದು ಸುತ್ತುತ್ತದೆ. ಗೋಡೆಯನ್ನು ಸವರಿಕೊಂಡು ಹೊರಟ ಸದ್ದೂ ಗೋಡೆಗೆ ಬಡಿದು, ಸ್ವಲ್ಪ ಮುಂದೆ ಹೋಗಿ, ಮತ್ತೆ ಬಡಿಯುತ್ತದೆ. ಲೆಕ್ಕ ಹಾಕಿದರೆ, ಗೋಡೆಯ ನೇರದಿಂದ 10 ಡಿಗ್ರಿ ಒಳಗೆ ಹೊರಟ ಯಾವ ಕಿರಣವೂ 9 ಮೀಟರ್ ತ್ರಿಜ್ಯದ ಈ ಗೋಡೆಯಿಂದ 14 ಸೆಂಟಿಮೀಟರ್‌ಗಿಂತ ಆಚೆ ಬರುವುದಿಲ್ಲ. 20 ಡಿಗ್ರಿ ಆದರೂ ಅರ್ಧ ಮೀಟರ್ ಮೇಲೆ ಸ್ವಲ್ಪ, ಅಷ್ಟೇ. ಹಾಗಾಗಿ ಸದ್ದು ಗೋಡೆಯ ಪಕ್ಕದ ಒಂದು ತೆಳು ಪದರದಲ್ಲಿ ಸಿಕ್ಕಿಕೊಳ್ಳುತ್ತದೆ. ಬಯಲಿನಲ್ಲಿ ಸದ್ದು ಎಲ್ಲ ದಿಕ್ಕಿಗೂ ಹರಡುವುದರಿಂದ ದೂರ ಎರಡು ಪಟ್ಟಾದಾಗ 6 ಡೆಸಿಬೆಲ್ ಇಳಿಯುತ್ತದೆ. ಇಲ್ಲಿ ಒಂದು ಬದಿಗೆ ಹರಡಲು ಜಾಗವೇ ಇಲ್ಲ, ಮೇಲೆ ಕೆಳಗೆ ಮಾತ್ರ ಹರಡುತ್ತದೆ. ಅದಕ್ಕೆ ಇಳಿಕೆ ಸುಮಾರು 3 ಡೆಸಿಬೆಲ್. ಒಂದು ಮೀಟರ್ ದೂರದಲ್ಲಿ ಕೇಳಿಸುವ ಮಾತಿಗೆ ಹೋಲಿಸಿದರೆ, ನೇರ 18 ಮೀಟರ್ ದಾರಿಯಲ್ಲಿ 25 ಡೆಸಿಬೆಲ್ ಕಳೆದುಹೋಗುತ್ತದೆ. ಗೋಡೆ ಬಳಸಿದ 28 ಮೀಟರ್ ದಾರಿಯಲ್ಲಿ 15 ಕೂಡ ಇಲ್ಲ. ದಾರಿ ಉದ್ದ, ಆದರೆ ಸೋರಿಕೆ ಕಡಿಮೆ.

ಪಿಸುಮಾತೇ ಯಾಕೆ, ಜೋರು ಮಾತು ಯಾಕಲ್ಲ ಅಂತ ಅಜ್ಜಿ ಕೇಳಿದರು. ಪಿಸುಮಾತಿನಲ್ಲಿ ಇರುವುದೆಲ್ಲ ಸುಯ್ ಅನ್ನುವ ಕೀಚಲು ಭಾಗ. ಅದರ ಅಲೆಯುದ್ದ ಚಿಕ್ಕದು, ಅದು ಗೋಡೆಗೆ ಹತ್ತಿರವೇ ಉಳಿಯುತ್ತದೆ. 3000 ಹರ್ಟ್ಸ್ ಸದ್ದು ಇಲ್ಲಿ ಹತ್ತು ಹನ್ನೆರಡು ಸೆಂಟಿಮೀಟರ್ ಪದರದಲ್ಲಿ ಸಾಗಬಲ್ಲದು. 500 ಹರ್ಟ್ಸ್‌ಗೆ ಅದರ ಮೂರು ಪಟ್ಟಿಗೂ ಹೆಚ್ಚು ಜಾಗ ಬೇಕು. ಜೊತೆಗೆ, ಜೋರಾಗಿ ಮಾತಾಡಿದರೆ ಸಭಾಂಗಣದ ಗುಂಯ್ ಶಬ್ದವೇ ಎದ್ದು ಎಲ್ಲವನ್ನೂ ಮುಚ್ಚುತ್ತದೆ.

ಹಿಂದಿನವರ ಪರದೆ ಇಲ್ಲಿ ಯಾಕೆ ಸೋತಿತು ಅನ್ನುವುದಕ್ಕೂ ಇಷ್ಟು ಸಾಕು. ಪರದೆ ಇದ್ದದ್ದು ಮೂರು ಮೀಟರ್ ಮೇಲೆ. ಮಾತು ಹೋಗುತ್ತಿದ್ದದ್ದು ಕಟ್ಟೆಯ ಮೇಲೆ ಕೂತವರ ಕಿವಿಯ ಮಟ್ಟದಲ್ಲಿ. ಪರಿಹಾರ ಅಗ್ಗದ್ದು: ಗೋಡೆಗೆ ಅಲ್ಲಲ್ಲಿ ಒಂದಡಿಗೂ ಜಾಸ್ತಿ ಮುಂದೆ ಚಾಚುವ ಮರದ ಅರೆಗಂಬ, ಕಟ್ಟೆಯಿಂದ ಆಳೆತ್ತರಕ್ಕೂ ಮೇಲಿನವರೆಗೆ. ಪಶ್ಚಿಮ ಮತ್ತು ದಕ್ಷಿಣದಲ್ಲಿ ಹಾಕಿಸಿದೆವು. ಉತ್ತರದಿಂದ ವಾಯುವ್ಯದವರೆಗಿನ ತುಂಡನ್ನು ಮಾತ್ರ ಬಿಡಲು ಅಜ್ಜಿ ಹೇಳಿದರು. ಮಕ್ಕಳು ಅಲ್ಲಿ ಪಿಸುಗುಟ್ಟಿ ಆಡುತ್ತಾರೆ. ನನಗೂ ಅದು ಸರಿ ಅನ್ನಿಸಿತು. ಅಷ್ಟು ದೂರದ ಗುಟ್ಟು ರಟ್ಟಾದರೆ ಮದುವೆ ಮುರಿಯಲಿಕ್ಕಿಲ್ಲ.

ಗುಮ್ಮಟ

ಇನ್ನು ಮಂಟಪ. ಇದು ಗೋಡೆಯ ಹಾಗೆ ಸುಲಭದ್ದಲ್ಲ.

ಮೊದಲು ಸುಮ್ನೆ ಮಂಟಪದ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದೆವು. ಟಪ್, ಟಪ್, ಟಪ್ ಅಂತ ಒಂದರ ಹಿಂದೆ ಒಂದು ಬಂತು. ಎರಡು ಹೆಜ್ಜೆ ಪೂರ್ವಕ್ಕೆ ಸರಿದು ತಟ್ಟಿದರೆ ತಟ್ಟಿದವರಿಗೆ ಅಷ್ಟಾಗಿ ಏನೂ ಇಲ್ಲ. ಆದರೆ ನಡುವಿನಿಂದ ಅಷ್ಟೇ ದೂರ ಪಶ್ಚಿಮಕ್ಕೆ ನಿಂತಿದ್ದ ಸೌಂಡ್ ಸಿಸ್ಟಮ್ ಹುಡುಗ ಬೆಚ್ಚಿದ. ಅವನು ಅರ್ಧ ಮೀಟರ್ ಸರಿದರೆ ಆ ಪೆಟ್ಟು ಇಳಿದುಬಿಡುತ್ತಿತ್ತು. ಇದು ತೆವಳುವ ಸದ್ದಲ್ಲ. ಏರಿ ಹೇಳಿದ ದರ್ಪಣ ಇಲ್ಲಿದೆ, ಲಂಡನ್ನಿನ ಗ್ಯಾಲರಿಯಲ್ಲಿ ಅಲ್ಲ.

ದರ್ಪಣ ಅಂದ ಮೇಲೆ ಅದರ ವಕ್ರತಾ ಕೇಂದ್ರ ಎಲ್ಲಿದೆ ಅಂತ ಹುಡುಕಬೇಕು. ಇದಕ್ಕೆ ಮೇಸ್ತ್ರಿಗಳ ಬಳಿ ಇರುವ ಲೇಸರ್ ಅಳತೆ ಯಂತ್ರ ಸಾಕು. ಅದನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಕೂರಿಸಿ, ಗುಮ್ಮಟದ ಬೇರೆ ಬೇರೆ ಜಾಗಕ್ಕೆ ಗುರಿಯಿಟ್ಟು ಓದಬೇಕು. ಸ್ಟ್ಯಾಂಡನ್ನು ಏರಿಸಿ ಇಳಿಸಿ ನೋಡಿದರೆ, ಒಂದು ಎತ್ತರದಲ್ಲಿ ಎಲ್ಲ ದಿಕ್ಕಿಗೂ ಒಂದೇ ದೂರ ಬರುತ್ತದೆ. ಅದೇ ಕೇಂದ್ರ. ಇಲ್ಲಿ ಎಲ್ಲ ಕಡೆ 10.6 ಮೀಟರ್ ಬಂದದ್ದು ನೆಲದಿಂದ 1.4 ಮೀಟರ್ ಎತ್ತರದಲ್ಲಿ. ಮಂಟಪದ ನಟ್ಟನಡುವೆ, ನಿಂತವರ ಎದೆಗೂ ಬಾಯಿಗೂ ನಡುವೆ. ಬೇಕು ಅಂತ ಮಾಡಿದ್ದರೂ ಇಷ್ಟು ಸರಿಯಾಗಿ ಬರುತ್ತಿರಲಿಲ್ಲ.

ನಕ್ಷೆಯ ಲೆಕ್ಕವೂ ಇದನ್ನೇ ಹೇಳುತ್ತದೆ. ಗುಮ್ಮಟದ ಬುಡದ ತ್ರಿಜ್ಯ a, ಬುಡದಿಂದ ತುದಿಗೆ ಎತ್ತರ h ಆದರೆ, ಗೋಳದ ತ್ರಿಜ್ಯ:

```
R = (a² + h²) / (2h)
  = (9² + 5²) / (2 × 5) = 10.6 ಮೀ
```

ಗೋಡೆ 7 ಮೀಟರ್, ಅದರ ಮೇಲೆ ಗುಮ್ಮಟ 5 ಮೀಟರ್, ಒಟ್ಟು 12. ಅದರಲ್ಲಿ 10.6 ಕಳೆದರೆ 1.4.

ಕೇಂದ್ರದಲ್ಲಿ ನಿಂತು ಮಾತಾಡಿದರೆ ಗುಮ್ಮಟದ ಕಡೆ ಹೋದ ಪ್ರತಿ ಕಿರಣವೂ ಅದಕ್ಕೆ ನೇರವಾಗಿ ಬಡಿದು, ಬಂದ ದಾರಿಯಲ್ಲೇ ವಾಪಸ್ ಬರುತ್ತದೆ. ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಸದ್ದಾದರೆ, ಕೇಂದ್ರದಿಂದ ನೋಡಿದಾಗ ಈ ಗುಮ್ಮಟ ಅದರ ಹೆಚ್ಚುಕಡಿಮೆ ಕಾಲು ಭಾಗವನ್ನು ಹಿಡಿಯುತ್ತದೆ. ಆ ಕಾಲು ಭಾಗ ಒಂದೇ ಗಳಿಗೆಗೆ, ಒಂದೇ ಜಾಗಕ್ಕೆ ಮರಳುತ್ತದೆ. ಹೋಗಿ ಬರುವ ದಾರಿ 21.2 ಮೀಟರ್. ಸದ್ದಿನ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 343 ಮೀಟರ್, ಕೊಡಗಿನ ಹವೆಗೆ ಪುಸ್ತಕದ ಸಂಖ್ಯೆಯೇ ಒಪ್ಪುತ್ತದೆ. ಹಾಗಾಗಿ 62 ಮಿಲಿಸೆಕೆಂಡ್ ತಡ. ಮಾತಿನ ವಿಷಯದಲ್ಲಿ ಸುಮಾರು 50 ಮಿಲಿಸೆಕೆಂಡ್ ಒಳಗೆ ಬಂದ ಪ್ರತಿಫಲನವನ್ನು ನಮ್ಮ ಕಿವಿ ಮೂಲ ಸದ್ದಿನ ಜೊತೆಗೇ ಸೇರಿಸಿಕೊಳ್ಳುತ್ತದೆ. ಅದನ್ನು ದಾಟಿ, ಅದೂ ಜೋರಾಗಿ ಬಂದರೆ, ಬೇರೆ ಮಾತಾಗಿ ಕೇಳಿಸುತ್ತದೆ. ಪುರೋಹಿತರ ತೊಂದರೆ ಇದೇ. ಮೈಕಿನ ಕಿರುಚಾಟವೂ ಇದರದೇ ಮಗು. ಸ್ಪೀಕರ್‌ಗಳು ಸ್ವಲ್ಪ ಮೇಲ್ಮುಖವಾಗಿದ್ದವು. ಗುಮ್ಮಟ ಆ ಸದ್ದನ್ನೂ ನಡುವಿನ ಕಡೆಗೇ ಒಟ್ಟುಗೂಡಿಸಿ ಮೈಕಿಗೆ ತುಂಬುತ್ತಿತ್ತು.

ಬಲೂನು ಒಡೆದು ಧ್ವನಿಮುದ್ರಣ ಮಾಡಿಯೂ ನೋಡಿದೆವು. ಮೊಬೈಲ್ ಸಾಕು, ಆದರೆ ಅದು ತಾನಾಗಿ ಸದ್ದು ಏರಿಸಿ ಇಳಿಸುವ ಸೌಲಭ್ಯವನ್ನು ಆಫ್ ಮಾಡಬೇಕು, ಇಲ್ಲದಿದ್ದರೆ ಎರಡನೇ ಪೆಟ್ಟಿನ ಅಳತೆ ಸುಳ್ಳಾಗುತ್ತದೆ. ಮಳೆ ಬಿಡುವು ಕೊಟ್ಟಾಗಲೇ ಮಾಡಬೇಕು. ಜುಲೈನಲ್ಲಿ ಈ ಕಡೆ ಸುರಿಯುವ ಮಳೆಯಲ್ಲಿ ಛಾವಣಿಯ ಸದ್ದು ಎಲ್ಲವನ್ನೂ ನುಂಗುತ್ತದೆ. ಮುದ್ರಿಸಿದ ಅಲೆಯ ಚಿತ್ರದಲ್ಲಿ ಮೊದಲ ಪೆಟ್ಟಾದ 62 ಮಿಲಿಸೆಕೆಂಡ್‌ಗೆ ಎರಡನೇ ಮುಳ್ಳು ಎದ್ದು ನಿಂತಿತ್ತು. ಗುಂಯ್‌ಗುಡುವಿಕೆಯ ಸಣ್ಣ ಹುಲ್ಲಿನ ನಡುವೆ ಅದು ಎಲ್ಲರಿಗೂ ಕಾಣುವಂತಿತ್ತು.

ಹಿಂದಿನವರು ಅಳೆದದ್ದು ಆ ಹುಲ್ಲನ್ನು ಮಾತ್ರ. ಸದ್ದು ಪೂರ್ತಿ ಅಡಗಲು ಎಷ್ಟು ಸೆಕೆಂಡ್ ಬೇಕು ಅನ್ನುವುದು ಅವರ ಲೆಕ್ಕ. ಅದಕ್ಕೆ ಸಬೀನ್ ಸೂತ್ರ ಇದೆ: ಒಳಗಿನ ಗಾತ್ರವನ್ನು 0.161ರಿಂದ ಗುಣಿಸಿ, ಸದ್ದು ಹೀರುವ ಒಟ್ಟು ಮೇಲ್ಮೈಯಿಂದ ಭಾಗಿಸುವುದು. ಈ ಸಭಾಂಗಣದ ಗಾತ್ರ ಸುಮಾರು 2480 ಘನ ಮೀಟರ್. ಏನೂ ಹಾಕದೆ ಖಾಲಿ ಇದ್ದಾಗ ಹೀರುವಿಕೆ 60 ಚದರ ಮೀಟರ್ ಅಂತ ಹಿಡಿದರೆ ಆರೂವರೆ ಸೆಕೆಂಡ್ ದಾಟುತ್ತದೆ. ಮುನ್ನೂರು ಜನ ಬಂದು ಕೂತರೆ ಎರಡು ಸೆಕೆಂಡಿಗೆ ಇಳಿಯುತ್ತದೆ. ಅಂದರೆ ಜನ ತುಂಬಿದ ಸಭಾಂಗಣದಲ್ಲಿ ಈ ಸಂಖ್ಯೆ ಅಷ್ಟೇನೂ ಕೆಟ್ಟದ್ದಲ್ಲ. ಆದರೆ ಸಬೀನ್ ಸೂತ್ರಕ್ಕೆ ಕೋಣೆಯ ಆಕಾರವೇ ಗೊತ್ತಿಲ್ಲ. ಸದ್ದು ಎಲ್ಲ ಕಡೆ ಸಮನಾಗಿ ಹರಡಿದೆ ಅಂತಲೇ ಅದು ನಂಬುತ್ತದೆ. ಗುಮ್ಮಟ ಮಾಡುವುದು ಅದರ ಉಲ್ಟಾ. ಜನ ತುಂಬಿದರೂ ತಲೆಯ ಮೇಲಿನ ದಾರಿ ಖಾಲಿಯೇ ಇರುತ್ತದೆ, ಮಂಟಪದ ಮಾರ್ದನಿ ಹಾಗೇ ಬರುತ್ತದೆ.

ನಾಲ್ಕು ಮೀಟರ್ ಉಳಿತಾಯ

ಹಳೆಯ ನಕ್ಷೆ ಇದೆಯಾ ಅಂತ ಕೇಳಿದೆ. ಮಾಲೀಕರು ಬೀರುವಿನಿಂದ ತೆಗೆದು ಕೊಟ್ಟರು. ಮೊದಲ ನಕ್ಷೆಯಲ್ಲಿ ಗುಮ್ಮಟ ಪೂರ್ತಿ ಅರ್ಧಗೋಳ: ಗೋಡೆ 7 ಮೀಟರ್, ಮೇಲೆ ಗುಮ್ಮಟ 9 ಮೀಟರ್. ಖರ್ಚು ಜಾಸ್ತಿ ಅಂತ ಆಮೇಲೆ ಗುಮ್ಮಟವನ್ನು 5 ಮೀಟರ್‌ಗೆ ತಗ್ಗಿಸಿದ್ದರು.

ಇಲ್ಲೇ ಎಡವಟ್ಟಾಗಿದ್ದು. ಅರ್ಧಗೋಳ ಆಗಿದ್ದರೆ ಕೇಂದ್ರ ನೆಲದಿಂದ 7 ಮೀಟರ್ ಮೇಲೆ ಇರುತ್ತಿತ್ತು. ಮಂಟಪದಲ್ಲಿ ಮಾತಾಡಿದ ಸದ್ದು ದರ್ಪಣದ ಲೆಕ್ಕದಂತೆ ಒಂಬತ್ತೂವರೆ ಮೀಟರ್ ಎತ್ತರದಲ್ಲಿ ಕೂಡಿ, ಕೆಳಗೆ ಬರುವಷ್ಟರಲ್ಲಿ ಮತ್ತೆ ಚದುರುತ್ತಿತ್ತು. ಒಳಗಿನ ಗಾತ್ರ ದೊಡ್ಡದಾಗಿ ಗುಂಯ್‌ಗುಡುವಿಕೆ ಹೆಚ್ಚುತ್ತಿತ್ತು ನಿಜ, ಆದರೆ ಅದಕ್ಕೆ ಪರದೆ, ಹಲಗೆಗಳೇ ಮದ್ದು. ಗುಮ್ಮಟವನ್ನು ಚಪ್ಪಟೆ ಮಾಡಿದರೆ ತೊಂದರೆ ಕಡಿಮೆ ಆಗುತ್ತದೆ ಅಂತ ಎಲ್ಲರಿಗೂ ಅನ್ನಿಸುತ್ತದೆ. ನಡುವಿನ ಹಂತದಲ್ಲಿ ಆಗುವುದು ಅದರ ವಿರುದ್ಧ. ಚಪ್ಪಟೆಯಾದ ಹಾಗೆ ಗೋಳದ ತ್ರಿಜ್ಯ ಬೆಳೆದು, ಕೇಂದ್ರ ಮೇಲಿನಿಂದ ಕೆಳಕ್ಕೆ, ಜನರ ಕಿವಿಯ ಮಟ್ಟಕ್ಕೇ ಇಳಿಯುತ್ತದೆ. ಇನ್ನೂ ತಗ್ಗಿಸಿದರೆ ನೆಲದ ಕೆಳಗೆ ಹೋಗಿ ಮತ್ತೆ ಕ್ಷೇಮ. ಗೋಳದ ತ್ರಿಜ್ಯ ಒಟ್ಟು ಎತ್ತರದ ಅರ್ಧಕ್ಕಿಂತ ಕಡಿಮೆ ಅಥವಾ ಎರಡು ಪಟ್ಟಿಗಿಂತ ಹೆಚ್ಚು ಇರಲಿ ಅನ್ನುವುದು ಈ ಕೆಲಸದವರ ರೂಢಿಯ ಅಳತೆ. ಇವರ 12 ಮೀಟರ್ ಎತ್ತರಕ್ಕೆ 24 ಮೀಟರ್ ತ್ರಿಜ್ಯ ಬೇಕಾಗಿತ್ತು. ಆಗ ಗುಮ್ಮಟದ ಉಬ್ಬು ಎರಡು ಮೀಟರ್ ಕೂಡ ಇರುತ್ತಿರಲಿಲ್ಲ. ಮಾಲೀಕರು ಅದನ್ನು ಗುಮ್ಮಟ ಅಂತ ಒಪ್ಪುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು.

ಗೋಲ ಗುಮ್ಮಟದ ಜೊತೆ ಹೋಲಿಸಿದರೆ ಇದು ಇನ್ನೂ ಸ್ಪಷ್ಟ. 1656ರಲ್ಲಿ ಮುಗಿದ ಆ ಸಮಾಧಿಯ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್, ಆಕಾರ ಹೆಚ್ಚುಕಡಿಮೆ ಅರ್ಧಗೋಳ. ಪಿಸುಮಾತಿನ ಗ್ಯಾಲರಿ ಇರುವುದು ಗುಮ್ಮಟದ ಬುಡದಲ್ಲಿ, ನೆಲದಿಂದ ಮೂವತ್ತು ಮೀಟರ್‌ಗೂ ಮೇಲೆ. ಕೇಂದ್ರವೂ ಆ ಎತ್ತರದ ಆಸುಪಾಸಿನಲ್ಲೇ. ಹಾಗಾಗಿ ತಮಾಷೆಯೆಲ್ಲ ಮೇಲೆ ಹತ್ತಿದವರಿಗೆ. ಕೆಳಗೆ ನೆಲದ ಮೇಲೆ ಕೇಳಿಸುವುದು ಗುಂಯ್‌ಗುಡುವಿಕೆ ಹೊರತು, ಒಂದು ಬಿಂದುವಿಗೆ ಕೂಡಿದ ಸದ್ದಲ್ಲ. ನಮ್ಮ ಸಭಾಂಗಣದಲ್ಲಿ ಮೇಲಿರಬೇಕಾದ ಕೇಂದ್ರ ಮಂಟಪಕ್ಕೇ ಇಳಿದಿತ್ತು.

ಏನು ಮಾಡಿದೆವು

ಖರ್ಚಿಲ್ಲದ ಉಪಾಯ ಒಂದಿತ್ತು. ಮಂಟಪವನ್ನು ನಡುವಿನಿಂದ 6 ಮೀಟರ್ ಪಶ್ಚಿಮಕ್ಕೆ ಸರಿಸುವುದು. ಆಗ ಸದ್ದು ಕೂಡುವ ಜಾಗ ಪೂರ್ವಕ್ಕೆ, ಬಾಗಿಲಿನ ಹತ್ತಿರದ ಓಡಾಟದ ದಾರಿಗೆ ಹೋಗುತ್ತದೆ. ಅಷ್ಟು ಓರೆಯಾದಾಗ ಅದು ಚೊಕ್ಕವಾಗಿ ಕೂಡುವುದೂ ಇಲ್ಲ, ಕಲಸಿಹೋಗುತ್ತದೆ. ನೇರ ಸದ್ದು ಅಲ್ಲಿಗೆ 35 ಮಿಲಿಸೆಕೆಂಡ್‌ಗೆ ಬಂದರೆ ಗುಮ್ಮಟದ್ದು 71ಕ್ಕೆ ಬರುತ್ತದೆ. ಅಂತರ 36, ಅಂದರೆ ಕಿವಿ ಸೇರಿಸಿಕೊಳ್ಳುವಷ್ಟು. ನನ್ನ ಮಟ್ಟಿಗೆ ಇದೇ ಒಳ್ಳೆಯ ಉಪಾಯ.

"ಗುಮ್ಮಟದ ಕೆಳಗೆ ಮಂಟಪ ಇಲ್ಲ ಅಂದ್ರೆ ಈ ಗುಮ್ಮಟ ಯಾಕೆ ಬೇಕಿತ್ತು?" ಅಂದರು ಮಾಲೀಕರು. ಆ ಮಾತಿಗೆ ಲೆಕ್ಕದಲ್ಲಿ ಉತ್ತರ ಇಲ್ಲ. ಮಂಟಪ ಅಲ್ಲೇ ಉಳಿಯಿತು.

ಹಾಗಾದರೆ ಗುಮ್ಮಟದ ಒಳಮೈಗೆ ಸದ್ದು ಹೀರುವ ಹಲಗೆ ಅಂಟಿಸೋಣವೇ? ಒಳಮೈ 330 ಚದರ ಮೀಟರ್‌ಗೂ ಮೇಲೆ. ಶೇ 70ರಷ್ಟು ಹೀರುವ ಸಾಮಾನು ಹಾಕಿದರೂ ಉಳಿದ ಶೇ 30 ಒಂದೇ ಜಾಗಕ್ಕೆ ಬರುತ್ತದೆ, ಮಾರ್ದನಿ ಇಳಿಯುವುದು 5 ಡೆಸಿಬೆಲ್ ಮಾತ್ರ. ಇಷ್ಟು ಜೋರಾಗಿ ಕೂಡುವ ಸದ್ದಿಗೆ ಅದು ಸಾಲದು.

ಹೀರುವುದಕ್ಕಿಂತ ಅಡ್ಡ ಹಾಕಿ ಚದುರಿಸುವುದು ಇಲ್ಲಿ ಹೆಚ್ಚು ಲಾಭ. ಕಾರಣ ಸ್ವಾರಸ್ಯವಾಗಿದೆ. ಕೇಂದ್ರದಲ್ಲಿ ಅಲೆಗಳೆಲ್ಲ ಒಂದೇ ಹೆಜ್ಜೆಯಲ್ಲಿ ಬಂದು ಕೂಡುತ್ತವೆ, ಅದಕ್ಕೇ ಅಷ್ಟು ಜೋರು. ಗುಮ್ಮಟದ ಶೇ 62 ಭಾಗವನ್ನು ಮರೆಮಾಡಿದರೆ ಕೂಡುವ ಒತ್ತಡವೂ ಶೇ 38ಕ್ಕೆ ಇಳಿಯುತ್ತದೆ. ಡೆಸಿಬೆಲ್‌ನಲ್ಲಿ ಅದು 8ಕ್ಕಿಂತ ಸ್ವಲ್ಪ ಜಾಸ್ತಿ. ಮರೆಮಾಡಿದ ಹಲಗೆಗಳಿಂದ ಹಿಂದಿರುಗಿದ ಸದ್ದೋ, ಹಲಗೆ ಕೆಳಮುಖವಾಗಿ ಉಬ್ಬಿದ್ದರೆ ಸಭಾಂಗಣದ ತುಂಬ ಚದುರುತ್ತದೆ. ಅದೂ 33 ಮಿಲಿಸೆಕೆಂಡ್‌ಗೇ ಬರುವುದರಿಂದ ಮಾತಿಗೆ ಬಲವೇ ಆಗುತ್ತದೆ.

ಹಾಗೆ 8×4 ಅಡಿಯ ತೆಳು ಪ್ಲೈವುಡ್ ಶೀಟ್‌ಗಳನ್ನು ಸ್ವಲ್ಪ ಬಗ್ಗಿಸಿ ಚೌಕಟ್ಟಿಗೆ ಹೊಡೆದು, ಉಬ್ಬು ಕೆಳಗೆ ಬರುವಂತೆ ಗುಮ್ಮಟದ ಬುಡದ ಮಟ್ಟದಲ್ಲಿ ತೂಗುಹಾಕಿದೆವು. ಒಟ್ಟು 55 ಶೀಟ್. ಮೇಲ್ಮೈಗೆ ಸಿಮೆಂಟ್ ಸೇರಿಸಿದ ಮರದ ನಾರಿನ ಹಲಗೆ. ಗುಂಯ್‌ಗುಡುವಿಕೆ ಕಡಿಮೆ ಮಾಡಲು ಅದು ಬೇಕು. ಗಾಜಿನ ಉಣ್ಣೆ ಇದಕ್ಕಿಂತ ಚೆನ್ನಾಗಿ ಹೀರುತ್ತದೆ, ಆದರೆ ಇಲ್ಲಿಯ ಮಳೆಗಾಲದಲ್ಲಿ ತೇವ ಕುಡಿದು ಜೋತುಬೀಳುತ್ತದೆ. ಬೂಷ್ಟು ಹಿಡಿದ ಸ್ಪಂಜನ್ನು ಕಿತ್ತು ಹಾಕಿದೆವು.

ಗುಮ್ಮಟ ಕಾಣುವುದಿಲ್ಲ ಅಂತ ಮನೆಯವರಿಗೆ ಬೇಜಾರು. ಸಂದಿಗಳನ್ನು ದೊಡ್ಡದು ಮಾಡಿ ಅಂತ ಕೇಳಿದರು. ಮಂಟಪದಲ್ಲಿ ನಿಂತ ಕಣ್ಣಿಗೆ ಗುಮ್ಮಟ ಎಷ್ಟು ಕಾಣುತ್ತದೋ, ಮಾತಿಗೂ ಅಷ್ಟೇ ಗುಮ್ಮಟ ಸಿಗುತ್ತದೆ. ಎರಡರ ದಾರಿಯೂ ಒಂದೇ. ಅದನ್ನು ಹೇಳಿದ ಮೇಲೆ ಶೀಟ್‌ಗಳನ್ನು ಸುತ್ತು ಸುತ್ತಾಗಿ ಜೋಡಿಸಿ, ಬಾಗಿಲಿನಿಂದ ಒಳಗೆ ಬರುವವರಿಗೆ ಗುಮ್ಮಟದ ತುದಿ ಕಾಣುವಂತೆ, ಮಂಟಪದಲ್ಲಿ ನಿಂತವರಿಗೆ ಕಡಿಮೆ ಕಾಣುವಂತೆ ಓರೆ ಮಾಡಿದೆವು. ಬಡಗಿಗೆ ಇದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಯಿತು. ಸ್ಪೀಕರ್‌ಗಳನ್ನು ಕೆಳಗೆ ಇಳಿಸಿ ಜನರ ಕಡೆ ತಿರುಗಿಸಿದ್ದು ಒಂದು ಮಧ್ಯಾಹ್ನದ ಕೆಲಸ. ಮೈಕಿನ ಕಿರುಚಾಟ ಬಹುಪಾಲು ಅದರಿಂದಲೇ ನಿಂತಿತು.

ಮತ್ತೆ ಬಲೂನು ಒಡೆದು ನೋಡಿದಾಗ 62 ಮಿಲಿಸೆಕೆಂಡ್‌ನ ಮುಳ್ಳು ಸುಮಾರು 7 ಡೆಸಿಬೆಲ್ ಇಳಿದಿತ್ತು. ಲೆಕ್ಕಕ್ಕಿಂತ ತುಸು ಕಡಿಮೆ. ಹಲಗೆಯ ಅಂಚುಗಳನ್ನು ಬಳಸಿ ಸ್ವಲ್ಪ ಸದ್ದು ಮೇಲೆ ನುಸುಳಿಯೇ ನುಸುಳುತ್ತದೆ. ಪುರೋಹಿತರ ಮಾತು ಈಗ ಒಂದೇ ಸಲ ಕೇಳಿಸುತ್ತದೆ. ಗಮನ ಕೊಟ್ಟು ಕೇಳಿದರೆ ಮೇಲಿಂದ ಒಂದು ತೆಳು ನೆರಳಿನಂಥ ಸದ್ದು ಇದೆ, ಆದರೆ ಮಾತು ತಡವರಿಸುವಷ್ಟಲ್ಲ.

ಬಗೆಹರಿಯದೆ ಉಳಿದದ್ದು ವಾಲಗ. ಕುಣಿತದ ಹೊತ್ತಿಗೆ ವಾದ್ಯದವರು ಮಂಟಪದ ಪಕ್ಕ ನಿಂತು ಬಾರಿಸಿದರೆ, ಚರ್ಮವಾದ್ಯದ ದಪ್ಪ ಸದ್ದು ಮೊದಲಿನ ಹಾಗೇ ಗುಮ್ಮಟಕ್ಕೆ ಹೋಗಿ ವಾಪಸ್ ಬರುತ್ತದೆ. 100 ಹರ್ಟ್ಸ್ ಸದ್ದಿನ ಅಲೆಯುದ್ದ 3.4 ಮೀಟರ್. ನಮ್ಮ ಶೀಟ್ ಉದ್ದದ ಕಡೆಗೇ 2.4 ಮೀಟರ್. ಅಷ್ಟು ಉದ್ದದ ಅಲೆಗೆ ಅದು ಲೆಕ್ಕಕ್ಕೇ ಇಲ್ಲ, ಸುತ್ತಿಕೊಂಡು ಹೋಗುತ್ತದೆ. ಇದಕ್ಕೆ ಶೀಟ್‌ಗಳನ್ನು ಇನ್ನೂ ದೊಡ್ಡದು ಮಾಡಬೇಕು, ಇಲ್ಲವೇ ವಾದ್ಯದವರನ್ನು ಗೋಡೆಯ ಕಡೆ ಕಳಿಸಬೇಕು. ಸದ್ಯಕ್ಕೆ ಅವರನ್ನು ಬಾಗಿಲಿನ ಬಲಕ್ಕೆ ನಿಲ್ಲಿಸುತ್ತಾರೆ, ಕುಣಿಯುವವರು ಹೇಗೂ ಅಲ್ಲಿಗೇ ಬರುತ್ತಾರೆ.